ಪ್ರೈವೇಟ್ ಮೋಡ್ ಹಾಕಿದರೆ ಲಿಂಕ್ಡ್‌ಇನ್‌ನಲ್ಲಿ ಏನು ಮರೆಯಾಗುತ್ತದೆ, ಏನು ಮರೆಯಾಗುವುದಿಲ್ಲ

ಪ್ರಶ್ನೆ: ಮುಂದಿನ ವಾರ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಇದೆ. ಇಂಟರ್‌ವ್ಯೂ ಮಾಡುವವರ ಲಿಂಕ್ಡ್‌ಇನ್ ಪ್ರೊಫೈಲ್ ನೋಡಬೇಕಿತ್ತು, ನಾನು ನೋಡಿದ್ದು ಗೊತ್ತಾಗಬಾರದು ಅಂತ ಪ್ರೈವೇಟ್ ಮೋಡ್ ಹಾಕಿದೆ. ಹಾಕಿದ ಕೂಡಲೇ ನನ್ನ ಪ್ರೊಫೈಲ್ ನೋಡಿದವರ ಪಟ್ಟಿಯೇ ಮಾಯವಾಯಿತು. ಅದು ವಾಪಸ್ ಬರುತ್ತದಾ? ಪ್ರೀಮಿಯಂ ದುಡ್ಡು ಕಟ್ಟಿದವರಿಗೆ ನನ್ನ ಹೆಸರು ಕಾಣಿಸುತ್ತದಾ? ಕೆಲಸ ಹುಡುಕುತ್ತಿರುವುದು ಈಗಿನ ಆಫೀಸಿನವರಿಗೆ ತಿಳಿಯದಂತೆ ಏನು ಮಾಡಬೇಕು?

ಉತ್ತರ: ಅಳಿಸಿಹೋದ ಪಟ್ಟಿ ವಾಪಸ್ ಬರುವುದಿಲ್ಲ. ಪ್ರೈವೇಟ್ ಮೋಡ್‌ನಲ್ಲಿ ನೋಡಿದವರ ಹೆಸರು ಪ್ರೀಮಿಯಂ ಇದ್ದವರಿಗೂ ಕಾಣಿಸುವುದಿಲ್ಲ. ಆಫೀಸಿನವರ ವಿಷಯಕ್ಕೆ ಮಾತ್ರ ಸ್ವಲ್ಪ ವಿವರ ಬೇಕು, ಏಕೆಂದರೆ ಅಲ್ಲಿ ಗುಟ್ಟು ಬಿಟ್ಟುಕೊಡುವುದು ಹೆಚ್ಚಾಗಿ ಪ್ರೊಫೈಲ್ ನೋಡಿದ ಪಟ್ಟಿಯಲ್ಲ, ಬೇರೆ ಸಂಗತಿಗಳು.

ಮೊದಲು ಈ ಪಟ್ಟಿ ಹೇಗೆ ತಯಾರಾಗುತ್ತದೆ ಎಂದು ನೋಡೋಣ. ನೀವು ನಿಮ್ಮ ಖಾತೆಗೆ ಲಾಗಿನ್ ಆಗಿ ಯಾರದ್ದಾದರೂ ಪ್ರೊಫೈಲ್ ಪುಟ ತೆರೆದರೆ ಲಿಂಕ್ಡ್‌ಇನ್ ಅದನ್ನೊಂದು ಭೇಟಿಯಾಗಿ ದಾಖಲಿಸಿಕೊಳ್ಳುತ್ತದೆ. ಆ ಭೇಟಿಯನ್ನು ಎದುರಿನವರಿಗೆ ಯಾವ ರೂಪದಲ್ಲಿ ತೋರಿಸಬೇಕು ಎಂಬುದು ನೋಡಿದವರ ಸೆಟ್ಟಿಂಗ್‌ಗೆ ಬಿಟ್ಟದ್ದು. ಎದುರಿನವರಿಗೆ ಆ ಪಟ್ಟಿಯಲ್ಲಿ ಎಷ್ಟು ಕಾಣಿಸಬೇಕು ಎಂಬುದು ಅವರ ಖಾತೆಯ ಬಗೆಗೆ ಮತ್ತು ಅವರದೇ ಸೆಟ್ಟಿಂಗ್‌ಗೆ ಬಿಟ್ಟದ್ದು. ಅಂದರೆ ಇಲ್ಲಿ ಎರಡು ಕಡೆಯಿಂದ ಎರಡು ತೀರ್ಮಾನಗಳು ಸೇರುತ್ತವೆ. ಈ ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ನೋಡುವವರ ಕಡೆಯ ಸೆಟ್ಟಿಂಗ್‌ನ ಹೆಸರು Profile viewing options. ಕಂಪ್ಯೂಟರಿನಲ್ಲಿ ಮೇಲಿನ ಸಾಲಿನ Me ಮೇಲೆ ಒತ್ತಿ, Settings & Privacy ತೆರೆದು, Visibility ವಿಭಾಗಕ್ಕೆ ಹೋದರೆ ಸಿಗುತ್ತದೆ. ಫೋನ್ ಆ್ಯಪ್‌ನಲ್ಲಾದರೆ ಮೇಲಿರುವ ನಿಮ್ಮ ಫೋಟೋ ಒತ್ತಿ Settings, ಅಲ್ಲಿಂದ Visibility. ಈ ಆಯ್ಕೆ ಇಡೀ ಖಾತೆಗೆ ಸೇರಿದ್ದು. ಫೋನಿನಲ್ಲಿ ಬದಲಿಸಿದರೆ ಕಂಪ್ಯೂಟರಿನಲ್ಲೂ ಬದಲಾಗುತ್ತದೆ. ಆದರೆ ನಿಮಗೆ ಹಳೆಯ ಕಾಲೇಜು ಇಮೇಲ್‌ನಲ್ಲಿ ತೆರೆದ ಇನ್ನೊಂದು ಖಾತೆ ಇದ್ದರೆ, ಅದಕ್ಕೆ ಅದರದೇ ಸೆಟ್ಟಿಂಗ್. ಬ್ರೌಸರಿನಲ್ಲಿ ಯಾವ ಖಾತೆ ತೆರೆದಿದೆ ಎಂದು ಗಮನಿಸದೆ, ಪ್ರೈವೇಟ್ ಹಾಕಿದ್ದು ಒಂದರಲ್ಲಿ, ನೋಡಿದ್ದು ಇನ್ನೊಂದರಲ್ಲಿ ಆಗಿಬಿಡಬಹುದು.

ಆ ಪುಟದಲ್ಲಿ ಮೂರು ಆಯ್ಕೆಗಳಿವೆ. ಮೊದಲನೆಯದು Your name and headline: ನಿಮ್ಮ ಹೆಸರು, ಫೋಟೋ, ಹೆಸರಿನ ಕೆಳಗಿರುವ ಹೆಡ್‌ಲೈನ್ ಎಲ್ಲವೂ ಎದುರಿನವರಿಗೆ ಕಾಣುತ್ತದೆ. ನೀವಾಗಿ ಬದಲಿಸದಿದ್ದರೆ ಇದೇ ಇರುತ್ತದೆ. ಎರಡನೆಯದು Private profile characteristics: ಹೆಸರು ಮತ್ತು ಫೋಟೋ ಇರುವುದಿಲ್ಲ, ಹುದ್ದೆ, ಕಂಪನಿ, ಕಾಲೇಜು, ಉದ್ಯಮ ಮುಂತಾದವುಗಳಲ್ಲಿ ಕೆಲವನ್ನು ಸೇರಿಸಿದ ಒಂದು ವಿವರಣೆ ಇರುತ್ತದೆ. ಮೂರನೆಯದು Private mode: ಅಲ್ಲಿ ನೀವು ಬರೀ ಒಬ್ಬ ಅನಾಮಧೇಯ ಲಿಂಕ್ಡ್‌ಇನ್ ಸದಸ್ಯ. ಎದುರಿನವರಿಗೆ ಯಾರೋ ಬಂದು ಹೋದರು ಎಂಬುದು ತಿಳಿಯುತ್ತದೆ, ಯಾರು ಎಂಬುದು ತಿಳಿಯುವುದಿಲ್ಲ. ಭೇಟಿಯ ಗುರುತೇ ಇಲ್ಲದಂತೆ ಮಾಡುವ ಆಯ್ಕೆ ಈ ಮೂರರಲ್ಲಿ ಯಾವುದೂ ಅಲ್ಲ.

ಎರಡನೆಯ ಆಯ್ಕೆಯ ಬಗ್ಗೆ ಎಚ್ಚರ ಬೇಕು. ನಡುವಿನ ದಾರಿಯಂತೆ ಕಾಣುವುದರಿಂದ ಬಹಳ ಜನ ಇದನ್ನೇ ಆರಿಸುತ್ತಾರೆ. ಪೀಣ್ಯದಲ್ಲಿ ನಲವತ್ತು ಜನ ಕೆಲಸ ಮಾಡುವ ಒಂದು ಬಿಡಿಭಾಗದ ಕಾರ್ಖಾನೆಯಿದೆ, ಅಲ್ಲಿ ಕ್ವಾಲಿಟಿ ಮ್ಯಾನೇಜರ್ ಒಬ್ಬರೇ ಎಂದುಕೊಳ್ಳಿ. ಅವರು ಎರಡನೆಯ ಆಯ್ಕೆ ಇಟ್ಟುಕೊಂಡು ಪಕ್ಕದ ಕಾರ್ಖಾನೆಯ ಎಚ್‌ಆರ್ ಪ್ರೊಫೈಲ್ ನೋಡುತ್ತಾರೆ. ಎಚ್‌ಆರ್ ಪಟ್ಟಿಯಲ್ಲಿ ಹುದ್ದೆಯೂ ಕಂಪನಿಯೂ ಬಂದರೆ ಹೆಸರಿನ ಅಗತ್ಯವೇ ಇಲ್ಲ. ಲಿಂಕ್ಡ್‌ಇನ್‌ನ ಹುಡುಕಾಟದಲ್ಲಿ ಆ ಕಂಪನಿಯ ಹೆಸರನ್ನೂ ಹುದ್ದೆಯನ್ನೂ ಹಾಕಿದರೆ ಸಿಗುವುದು ಒಬ್ಬರೇ. ಅದೇ ವಿವರಣೆ ಸಾವಿರಾರು ಜನರಿರುವ ಐಟಿ ಕಂಪನಿಯ ಸಾಫ್ಟ್‌ವೇರ್ ಇಂಜಿನಿಯರ್‌ಗೆ ಸಾಕಷ್ಟು ಮರೆ ಕೊಡುತ್ತದೆ. ಆದ್ದರಿಂದ ಈ ಆಯ್ಕೆ ಎಷ್ಟು ಸುರಕ್ಷಿತ ಎಂಬುದು ನಿಮ್ಮ ಕಂಪನಿ ಎಷ್ಟು ದೊಡ್ಡದು, ನಿಮ್ಮ ಹುದ್ದೆ ಎಷ್ಟು ಸಾಮಾನ್ಯ ಎಂಬುದರ ಮೇಲೆ ನಿಂತಿದೆ. ಸೆಟ್ಟಿಂಗ್ ಪುಟದಲ್ಲೇ ನಿಮ್ಮ ವಿವರಣೆ ಹೇಗೆ ಕಾಣುತ್ತದೆ ಎಂದು ಬರೆದಿರುತ್ತದೆ. ಅದನ್ನು ನಿಮ್ಮ ಬಾಸ್ ಓದಿದರೆ ನೀವೇ ಎಂದು ಊಹಿಸಬಹುದೇ ಎಂದು ಯೋಚಿಸಿ. ಹೌದೆಂದಾದರೆ ಆ ಆಯ್ಕೆಯಿಂದ ಪ್ರಯೋಜನವಿಲ್ಲ. ಉಚಿತ ಖಾತೆಯಲ್ಲಿ ಅದಕ್ಕೆ ತೆರಬೇಕಾದ ಬೆಲೆಯೂ ಪೂರ್ತಿ ಪ್ರೈವೇಟ್ ಮೋಡ್‌ನಷ್ಟೇ.

ಈಗ ಆ ಬೆಲೆಯ ವಿಷಯ. ಉಚಿತ ಖಾತೆಯಲ್ಲಿ ಲಿಂಕ್ಡ್‌ಇನ್ ಇಟ್ಟಿರುವ ನಿಯಮ ಕೊಟ್ಟು ತೆಗೆದುಕೊಳ್ಳುವುದು. ನೀವು ನಿಮ್ಮ ಹೆಸರು ತೋರಿಸಿಕೊಂಡು ಬೇರೆಯವರ ಪ್ರೊಫೈಲ್ ನೋಡಿದರೆ, ನಿಮ್ಮ ಪ್ರೊಫೈಲ್ ನೋಡಿದವರನ್ನು ನಿಮಗೂ ತೋರಿಸುತ್ತದೆ. ಅದೂ ಎಲ್ಲರನ್ನೂ ಅಲ್ಲ, ಕಳೆದ 90 ದಿನಗಳಲ್ಲಿ ಬಂದವರ ಪೈಕಿ ತೀರಾ ಈಚಿನ ಐದು ಜನರವರೆಗೆ ಮಾತ್ರ. ನೀವು ಎರಡನೆಯ ಅಥವಾ ಮೂರನೆಯ ಆಯ್ಕೆಗೆ ಹೋದ ತಕ್ಷಣ ಈ ಪಟ್ಟಿ ನಿಮಗೆ ಮುಚ್ಚಿಹೋಗುತ್ತದೆ, ಅಲ್ಲಿಯವರೆಗೆ ಸೇರಿದ್ದ ಚರಿತ್ರೆಯೂ ಅಳಿಯುತ್ತದೆ. ನಿಮಗೆ ಆಗಿದ್ದು ಇದೇ. ಮತ್ತೆ ಮೊದಲ ಆಯ್ಕೆಗೆ ಬಂದರೆ ಪಟ್ಟಿ ಖಾಲಿಯಿಂದ ಶುರುವಾಗಿ, ಆಮೇಲೆ ಬರುವವರಿಂದ ತುಂಬುತ್ತಾ ಹೋಗುತ್ತದೆ. ಬದಲಿಸಿದ ಕ್ಷಣಕ್ಕೇ ಏನೂ ಕಾಣದಿದ್ದರೆ ಏನೋ ಕೆಟ್ಟಿದೆ ಎಂದು ಸೆಟ್ಟಿಂಗ್ ಅನ್ನು ಹಿಂದೆ ಮುಂದೆ ಆಡಿಸಬೇಡಿ. ಪ್ರತಿ ಸಲ ಪ್ರೈವೇಟ್ ಕಡೆಗೆ ಹೋದಾಗಲೂ ಅಷ್ಟರಲ್ಲಿ ಸೇರಿದ್ದೆಲ್ಲ ಮತ್ತೆ ಅಳಿಯುತ್ತದೆ.

ಕೆಲಸ ಹುಡುಕುವವರಿಗೆ ಈ ನಷ್ಟ ಸಣ್ಣದಲ್ಲ. ಅರ್ಜಿ ಹಾಕಿದ ಎರಡು ದಿನಕ್ಕೆ ಆ ಕಂಪನಿಯ ರಿಕ್ರೂಟರ್ ನಿಮ್ಮ ಪ್ರೊಫೈಲ್ ತೆರೆದರೆ, ಅರ್ಜಿ ಯಾರದೋ ಕಣ್ಣಿಗೆ ಬಿದ್ದಿದೆ ಎಂದು ತಿಳಿಯುವ ದಾರಿ ಈ ಪಟ್ಟಿಯೇ. ಅದನ್ನು ನೋಡಿ ನೀವು ಒಂದು ಮೆಸೇಜ್ ಕಳಿಸಬಹುದು. ಪ್ರೈವೇಟ್ ಮೋಡ್‌ನಲ್ಲಿ ವಾರಗಟ್ಟಲೆ ಇದ್ದರೆ ಆ ಸುಳಿವೇ ಸಿಗುವುದಿಲ್ಲ. ಹಾಗಾಗಿ ಬದಲಿಸುವ ಮೊದಲು ನಿಮ್ಮ ಪ್ರೊಫೈಲಿನ Analytics ವಿಭಾಗದಿಂದ ನೋಡಿದವರ ಪುಟ ತೆರೆದು ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಉಚಿತ ಖಾತೆಯಲ್ಲಿ ಹೆಸರು ಕಾಣುವುದು ಐದು ಜನರದ್ದು, ಒಂದೇ ಚಿತ್ರದಲ್ಲಿ ಮುಗಿಯುತ್ತದೆ.

ಪ್ರೀಮಿಯಂ ಖಾತೆಗೆ ನಿಯಮ ಬೇರೆ. ಅವರಿಗೆ ಕಳೆದ 365 ದಿನಗಳ ಪಟ್ಟಿ ಕಾಣುತ್ತದೆ, ಅವರು ತಾವು ಪ್ರೈವೇಟ್ ಮೋಡ್‌ನಲ್ಲಿದ್ದೂ ಆ ಪಟ್ಟಿ ನೋಡಬಹುದು. ಅಂದರೆ ಕೊಟ್ಟು ತೆಗೆದುಕೊಳ್ಳುವ ನಿಯಮದಿಂದ ಹಣ ಕಟ್ಟಿದವರಿಗೆ ವಿನಾಯಿತಿ. ಆದರೆ ವಿನಾಯಿತಿ ಇರುವುದು ತಮ್ಮ ಪಟ್ಟಿಯನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ. ನೀವು ಪ್ರೈವೇಟ್ ಮೋಡ್‌ನಲ್ಲಿ ಅವರ ಪುಟ ನೋಡಿದ್ದರೆ, ಎಷ್ಟೇ ದುಡ್ಡು ಕಟ್ಟಿದರೂ ಅವರ ಪಟ್ಟಿಯಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಅನಾಮಧೇಯ ಭೇಟಿಗಳ ಹೆಸರು ತೋರಿಸುತ್ತೇವೆ ಎಂದು ಲಿಂಕ್ಡ್‌ಇನ್ ಪಾಸ್‌ವರ್ಡ್ ಕೇಳುವ ಬ್ರೌಸರ್ ಎಕ್ಸ್‌ಟೆನ್ಶನ್ ಅಥವಾ ಆ್ಯಪ್ ಕಂಡರೆ ದೂರವಿರಿ. ಕಂಪನಿಯೇ ಯಾರಿಗೂ ಕೊಡದ ಮಾಹಿತಿ ಅವರ ಬಳಿ ಇರಲು ಸಾಧ್ಯವಿಲ್ಲ, ಅವರಿಗೆ ಬೇಕಾಗಿರುವುದು ನಿಮ್ಮ ಖಾತೆ.

ನೀವು ಪ್ರೀಮಿಯಂ ಉಚಿತ ಟ್ರಯಲ್ ಶುರು ಮಾಡುವ ಯೋಚನೆಯಲ್ಲಿದ್ದರೆ ಎರಡು ಮಾತು. ಅಳಿದುಹೋದ ಪಟ್ಟಿ ಸಿಗಬಹುದೆಂಬ ಆಸೆಗೆ ಶುರು ಮಾಡಬೇಡಿ. ಇಂಟರ್‌ವ್ಯೂಗಳು ಸಾಲಾಗಿ ಇರುವ ತಿಂಗಳಲ್ಲಿ ಮರೆಯಲ್ಲಿದ್ದೂ ಪಟ್ಟಿ ಬೇಕು ಎಂದಾದರೆ ಟ್ರಯಲ್‌ಗೆ ಅರ್ಥವಿದೆ. ಕಾರ್ಡ್ ವಿವರ ಕೊಟ್ಟೇ ಶುರು ಮಾಡಬೇಕಾಗುತ್ತದೆ ಮತ್ತು ರದ್ದು ಮಾಡದಿದ್ದರೆ ಅವಧಿ ಮುಗಿದಾಗ ಹಣ ಕಟ್ ಆಗುತ್ತದೆ, ಆದ್ದರಿಂದ ಮುಗಿಯುವ ತಾರೀಖನ್ನು ಅಂದೇ ಬರೆದಿಟ್ಟುಕೊಳ್ಳಿ. ಟ್ರಯಲ್ ಮುಗಿಯುವ ಹೊತ್ತಿಗೆ ನೀವಿನ್ನೂ ಪ್ರೈವೇಟ್ ಮೋಡ್‌ನಲ್ಲೇ ಇದ್ದರೆ ಉಚಿತ ಖಾತೆಯ ನಿಯಮ ಮತ್ತೆ ಜಾರಿಗೆ ಬರುತ್ತದೆ. ಬೇಕಾದ ಹೆಸರುಗಳನ್ನು ಅಷ್ಟರೊಳಗೆ ಗುರುತು ಮಾಡಿಕೊಂಡಿರಬೇಕು.

ಇನ್ನು ಆರಂಭದಲ್ಲೇ ತಪ್ಪಾಗುವ ಒಂದು ಜಾಗ. ಬಹಳ ಜನ ಪ್ರೊಫೈಲ್ ತೆರೆದು, ಓದಿ, ಆಮೇಲೆ ಎಚ್ಚೆತ್ತು ಪ್ರೈವೇಟ್ ಮೋಡ್‌ಗೆ ಹೋಗುತ್ತಾರೆ. ಅಷ್ಟರೊಳಗೆ ನಿಮ್ಮ ಪ್ರೊಫೈಲ್ ನೋಡಿದ್ದಾರೆ ಎಂಬ ನೋಟಿಫಿಕೇಶನ್ ಅಥವಾ ಇಮೇಲ್ ಎದುರಿನವರಿಗೆ ಹೋಗಿರಬಹುದು, ಹೋದ ಇಮೇಲನ್ನು ಯಾವ ಸೆಟ್ಟಿಂಗ್ ಕೂಡ ವಾಪಸ್ ಕರೆಯುವುದಿಲ್ಲ. ಕ್ರಮ ಹೀಗಿರಲಿ: ಮೊದಲು ಸೆಟ್ಟಿಂಗ್ ಬದಲಿಸಿ, ಪುಟವನ್ನು ಮತ್ತೊಮ್ಮೆ ತೆರೆದು ಆಯ್ಕೆ ನಿಂತಿದೆಯೇ ನೋಡಿ, ನಿಮ್ಮದೇ ಪ್ರೊಫೈಲ್ ನೋಡಿದವರ ಪುಟಕ್ಕೂ ಹೋಗಿ. ಉಚಿತ ಖಾತೆಯಲ್ಲಿ ನೀವು ಪ್ರೈವೇಟ್ ಆಗಿದ್ದರೆ ಅಲ್ಲಿ ಹೆಸರುಗಳ ಬದಲು, ನಿಮ್ಮ ಸೆಟ್ಟಿಂಗ್‌ನಿಂದಾಗಿ ಪಟ್ಟಿ ಮುಚ್ಚಿದೆ ಎಂಬ ಸೂಚನೆ ಇರುತ್ತದೆ. ಪಟ್ಟಿ ಮಾಯವಾಗಿರುವುದೇ ಮೋಡ್ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಗುರುತು. ಆಮೇಲೆ ಬೇಕಾದ ಪ್ರೊಫೈಲ್ ತೆರೆಯಿರಿ.

ಕ್ರೋಮ್‌ನ ಇನ್‌ಕಾಗ್ನಿಟೊ ಕಿಟಕಿಯನ್ನು ಇದರೊಂದಿಗೆ ಬೆರೆಸಬೇಡಿ. ಅದು ನಿಮ್ಮ ಕಂಪ್ಯೂಟರಿನಲ್ಲಿ ಬ್ರೌಸಿಂಗ್ ಚರಿತ್ರೆ ಉಳಿಯದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಆ ಕಿಟಕಿಯಲ್ಲಿ ನಿಮ್ಮ ಖಾತೆಗೆ ಲಾಗಿನ್ ಆದರೆ ಲಿಂಕ್ಡ್‌ಇನ್‌ಗೆ ನೀವು ನೀವೇ, ಹೆಸರು ಎಂದಿನಂತೆ ಹೋಗುತ್ತದೆ. ಲಾಗಿನ್ ಆಗದೆ ಗೂಗಲ್ ಹುಡುಕಾಟದಿಂದ ಹೋದರೆ ಭೇಟಿ ನಿಮ್ಮ ಹೆಸರಿಗೆ ಸೇರುವುದಿಲ್ಲ, ಪಟ್ಟಿಗೂ ಬರುವುದಿಲ್ಲ. ನಿಮ್ಮ ಸ್ವಂತ ಪಟ್ಟಿಯೂ ಉಳಿಯುತ್ತದೆ. ಆದರೆ ಕಾಣುವುದು ಆ ವ್ಯಕ್ತಿ ಹೊರಗಿನವರಿಗೆ ತೆರೆದಿಟ್ಟಷ್ಟೇ ಭಾಗ, ಹಲವು ಸಲ ಲಾಗಿನ್ ಆಗಿ ಎಂಬ ಪುಟ ಅಡ್ಡ ಬರುತ್ತದೆ. ಒಬ್ಬರ ಹುದ್ದೆ ಮತ್ತು ಈಗಿನ ಕಂಪನಿ ತಿಳಿದರೆ ಸಾಕು ಎನ್ನುವಾಗ ಈ ದಾರಿಯನ್ನು ಮೊದಲು ಪ್ರಯತ್ನಿಸಿ, ಏನೂ ಕಳೆದುಕೊಳ್ಳುವುದಿಲ್ಲ.

ನಿಮ್ಮ ಮೂರನೆಯ ಪ್ರಶ್ನೆ, ಈಗಿನ ಆಫೀಸು. ಪ್ರೈವೇಟ್ ಮೋಡ್ ಮುಚ್ಚುವುದು ಒಂದನ್ನೇ: ನೀವು ತೆರೆದ ಪ್ರೊಫೈಲಿನ ಪಟ್ಟಿಯಲ್ಲಿ ನಿಮ್ಮ ಗುರುತನ್ನು. ನೀವು ಲೈಕ್ ಮಾಡಿದ್ದು, ಕಾಮೆಂಟ್ ಬರೆದದ್ದು, ಕಂಪನಿಯ ಪುಟವನ್ನು ಫಾಲೋ ಮಾಡಿದ್ದು, ಕನೆಕ್ಷನ್ ಕೋರಿಕೆ ಕಳಿಸಿದ್ದು ಎಲ್ಲವೂ ನಿಮ್ಮ ಹೆಸರಿನಲ್ಲೇ ನಡೆಯುತ್ತದೆ. ಪೋಲ್‌ನಲ್ಲಿ ಮತ ಹಾಕಿದರೆ ಅದನ್ನು ಹಾಕಿದವರಿಗೆ ನೀವು ಯಾವ ಆಯ್ಕೆ ಒತ್ತಿದಿರಿ ಎಂದು ತಿಳಿಯುತ್ತದೆ. ಹೆಸರಿನ ಪಕ್ಕದ ಹಸಿರು ಚುಕ್ಕೆ, ಅಂದರೆ ನೀವೀಗ ಆನ್‌ಲೈನ್ ಇದ್ದೀರಿ ಎಂಬ ಗುರುತು, ಇದಕ್ಕೂ ಪ್ರೈವೇಟ್ ಮೋಡ್‌ಗೂ ಸಂಬಂಧವಿಲ್ಲ. ಅದನ್ನು Visibility ವಿಭಾಗದಲ್ಲೇ ಇರುವ Manage active status ನಲ್ಲಿ ಬೇರೆಯಾಗಿ ಆಫ್ ಮಾಡಬೇಕು. ಇಂಟರ್‌ವ್ಯೂ ಮಾಡುವವರ ಪ್ರೊಫೈಲನ್ನು ಪ್ರೈವೇಟ್ ಆಗಿ ಓದಿ, ಹತ್ತು ನಿಮಿಷಕ್ಕೆ ಅವರ ಮೂರು ವರ್ಷದ ಹಿಂದಿನ ಪೋಸ್ಟ್‌ಗೆ ಲೈಕ್ ಒತ್ತಿದರೆ ಮರೆಯೆಲ್ಲ ವ್ಯರ್ಥ.

ಆಫೀಸಿನವರಿಗೆ ಸುಳಿವು ಸಿಗುವುದು ಹೆಚ್ಚಾಗಿ ನಿಮ್ಮ ಪ್ರೊಫೈಲಿನಲ್ಲಾಗುವ ಬದಲಾವಣೆಗಳಿಂದ. ಫೋಟೋದ ಸುತ್ತ Open to work ಎಂಬ ಹಸಿರು ಚೌಕಟ್ಟು ಹಾಕಿದರೆ ಎಲ್ಲರಿಗೂ ಕಾಣುತ್ತದೆ. ಅದೇ ಆಯ್ಕೆಯಲ್ಲಿ Recruiters only ಎಂದು ಆರಿಸಿದರೆ ಚೌಕಟ್ಟು ಇರುವುದಿಲ್ಲ, ಲಿಂಕ್ಡ್‌ಇನ್‌ನ ರಿಕ್ರೂಟರ್ ಸೇವೆ ಬಳಸುವವರಿಗೆ ಮಾತ್ರ ತಿಳಿಯುತ್ತದೆ. ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಇದನ್ನು ತೋರಿಸದಿರಲು ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆಯಾದರೂ ಪೂರ್ತಿ ಗುಟ್ಟಿನ ಭರವಸೆ ಕೊಡುವುದಿಲ್ಲ. ನಿಮ್ಮ ಕಂಪನಿ ಹೊರಗಿನ ಏಜೆನ್ಸಿಯಿಂದ ನೇಮಕ ಮಾಡಿಸುತ್ತಿದ್ದರೆ ಆ ಏಜೆನ್ಸಿಯವರಿಗೆ ಕಾಣಬಹುದು ಎಂದೇ ಲೆಕ್ಕ ಹಾಕಿ. ಹೆಡ್‌ಲೈನ್, ಹುದ್ದೆ, ಕೌಶಲಗಳನ್ನು ಒಂದೇ ಸಂಜೆ ತಿದ್ದುವುದಿದ್ದರೆ, ಬದಲಾವಣೆಯನ್ನು ಕನೆಕ್ಷನ್‌ಗಳಿಗೆ ತಿಳಿಸುವ ಸೆಟ್ಟಿಂಗ್ ಅನ್ನು ಮೊದಲು ಆಫ್ ಮಾಡಿ. ಇವೆಲ್ಲ ಪ್ರೈವೇಟ್ ಮೋಡ್‌ನ ವ್ಯಾಪ್ತಿಗೆ ಹೊರಗಿನವು, ಆದರೆ ನಿಮ್ಮ ಆತಂಕಕ್ಕೆ ನಿಜವಾದ ಉತ್ತರ ಇಲ್ಲಿದೆ.

ನಿಮ್ಮ ವಾರವನ್ನೇ ತೆಗೆದುಕೊಂಡು ನೋಡೋಣ. ಇಂಟರ್‌ವ್ಯೂ ಮಾಡುವ ಇಬ್ಬರ ಹೆಸರು ನಿಮಗೆ ಗೊತ್ತಿದೆ ಎಂದುಕೊಳ್ಳೋಣ. ಅವರನ್ನು ಹೆಸರು ತೋರಿಸಿಕೊಂಡೇ ನೋಡಿ ಎನ್ನುವುದು ನನ್ನ ಸಲಹೆ. ಇಂಟರ್‌ವ್ಯೂಗೆ ಬರುವವರು ತಮ್ಮ ಬಗ್ಗೆ ಓದಿಕೊಂಡು ಬರುತ್ತಾರೆ ಎಂಬುದು ಅವರಿಗೆ ಗೊತ್ತಿರುವ ವಿಷಯ, ಪಟ್ಟಿಯಲ್ಲಿ ನಿಮ್ಮ ಹೆಸರು ಕಂಡರೆ ತಯಾರಿ ಮಾಡಿಕೊಂಡಿದ್ದೀರಿ ಎಂದಷ್ಟೇ ಅರ್ಥವಾಗುತ್ತದೆ. ಹಾಗೆ ನೋಡಿದ ಮೇಲೆ ಅವರೂ ನಿಮ್ಮ ಪ್ರೊಫೈಲ್‌ಗೆ ಬಂದರೆ ನಿಮಗೆ ಗೊತ್ತಾಗುತ್ತದೆ. ಮರೆ ನಿಜಕ್ಕೂ ಬೇಕಾಗುವುದು ಬೇರೆ ಮೂರು ನಾಲ್ಕು ಜನರನ್ನು ನೋಡುವಾಗ: ಆ ಕಂಪನಿ ಬಿಟ್ಟು ಹೋದವರು, ಈ ಹುದ್ದೆಯಲ್ಲಿ ನಿಮಗಿಂತ ಮೊದಲು ಇದ್ದವರು, ನಿಮ್ಮ ಈಗಿನ ಬಾಸ್‌ಗೆ ಪರಿಚಯವಿರುವ ಅಲ್ಲಿನ ಮ್ಯಾನೇಜರ್. ಅವರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಒಂದೇ ಸಲ ಪ್ರೈವೇಟ್ ಮೋಡ್‌ಗೆ ಹೋಗಿ ಎಲ್ಲರನ್ನೂ ನೋಡಿ ಮುಗಿಸಿ, ಕೂಡಲೇ ಮೊದಲ ಆಯ್ಕೆಗೆ ಮರಳಿ. ಹೇಗೂ ನಿಮ್ಮ ಹಳೆಯ ಪಟ್ಟಿ ಈಗಾಗಲೇ ಹೋಗಿದೆ, ಆದ್ದರಿಂದ ಇವತ್ತೇ ಈ ಕೆಲಸ ಮುಗಿಸಿದರೆ ಇನ್ನೊಮ್ಮೆ ಕಳೆದುಕೊಳ್ಳುವ ಪ್ರಮೇಯ ಬರುವುದಿಲ್ಲ. ನಾಳೆಯಿಂದ ಇಂಟರ್‌ವ್ಯೂ ದಿನದವರೆಗೆ ಹೆಸರು ತೋರಿಸುವ ಆಯ್ಕೆಯಲ್ಲೇ ಇರಿ, ಆ ಕಂಪನಿಯವರು ನೋಡಿದರೆ ಪಟ್ಟಿಯಲ್ಲಿ ಬರುತ್ತಾರೆ.

ಬಂದರೂ ಹೆಸರಿನೊಂದಿಗೇ ಬರುತ್ತಾರೆ ಎಂದೇನಿಲ್ಲ. ಅವರೂ ಪ್ರೈವೇಟ್ ಮೋಡ್‌ನಲ್ಲಿರಬಹುದು, ಅಥವಾ ಕಂಪನಿ ಕೊಟ್ಟ ರಿಕ್ರೂಟರ್ ಸೇವೆಯಿಂದ ನೋಡುತ್ತಿರಬಹುದು, ಅದಕ್ಕೆ ಬೇರೆಯದೇ ಗೋಚರತೆಯ ಸೆಟ್ಟಿಂಗ್ ಇದೆ. ಒಟ್ಟು ಸಂಖ್ಯೆ ಏರಿ ಹೆಸರು ಕಾಣದಿದ್ದರೆ ಇವೇ ಸಾಮಾನ್ಯ ಕಾರಣಗಳು, ಜೊತೆಗೆ ಉಚಿತ ಖಾತೆಯ ಐದು ಜನರ ಮಿತಿ. ಇನ್ನೊಂದು ಸಂಖ್ಯೆಯನ್ನೂ ಇದರೊಂದಿಗೆ ಬೆರೆಸಬಾರದು: Search appearances ಎಂಬುದು ನಿಮ್ಮ ಹೆಸರು ಹುಡುಕಾಟದ ಫಲಿತಾಂಶದಲ್ಲಿ ಎಷ್ಟು ಸಲ ಬಂತು ಎಂಬ ಲೆಕ್ಕ. ಹಾಗೆ ಹುಡುಕಿದವರಲ್ಲಿ ನಿಮ್ಮ ಪುಟ ತೆರೆದವರು ಕೆಲವೇ ಜನ ಇರಬಹುದು, ಯಾರೂ ಇಲ್ಲದಿರಲೂಬಹುದು.

ಕೊನೆಯದಾಗಿ, ಈ ಮರೆ ನಿಮ್ಮ ವಿರುದ್ಧವೂ ಬಳಕೆಯಾಗಬಲ್ಲದು. ಕೆಲಸಕ್ಕೆ ಸಂಬಂಧವಿಲ್ಲದ ಯಾರೋ ನಿಮ್ಮನ್ನು ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನವಿದ್ದರೆ, ಪಟ್ಟಿಯಲ್ಲಿರುವ ಅನಾಮಧೇಯ ಭೇಟಿ ಯಾರದ್ದೆಂದು ಪತ್ತೆ ಹಚ್ಚುವ ಗೋಜಿಗೆ ಹೋಗಬೇಡಿ, ಅದಕ್ಕೆ ದಾರಿಯಿಲ್ಲ. ಯಾರ ಮೇಲೆ ಅನುಮಾನವೋ ಅವರನ್ನು ನೇರವಾಗಿ ಬ್ಲಾಕ್ ಮಾಡಿ. ಆಮೇಲೆ ಲಿಂಕ್ಡ್‌ಇನ್ ಒಳಗೆ ನೀವಿಬ್ಬರೂ ಒಬ್ಬರ ಪ್ರೊಫೈಲ್ ಇನ್ನೊಬ್ಬರು ನೋಡಲಾಗುವುದಿಲ್ಲ, ನೋಡಿದವರ ಪಟ್ಟಿಯಲ್ಲೂ ಪರಸ್ಪರ ಕಾಣುವುದಿಲ್ಲ. ಆದರೆ ಅವರು ಲಾಗಿನ್ ಆಗದೆ ಗೂಗಲ್‌ನಿಂದ ಬಂದರೆ ನಿಮ್ಮ ಸಾರ್ವಜನಿಕ ಪ್ರೊಫೈಲ್ ಇನ್ನೂ ಕಾಣುತ್ತದೆ. ಅದನ್ನು ಮುಚ್ಚಲು Visibility ವಿಭಾಗದಲ್ಲೇ Edit your public profile ತೆರೆದು, ಹೊರಗಿನವರಿಗೆ ಕಾಣುವ ಭಾಗಗಳನ್ನು ಒಂದೊಂದಾಗಿ ಅಥವಾ ಪೂರ್ತಿಯಾಗಿ ಆಫ್ ಮಾಡಿ. ಗೂಗಲ್ ಫಲಿತಾಂಶದಲ್ಲಿ ಹಳೆಯ ಸಾಲುಗಳು ಮಾಯವಾಗಲು ಕೆಲ ದಿನ ಅಥವಾ ವಾರ ಹಿಡಿಯುತ್ತದೆ, ಏಕೆಂದರೆ ಅದು ಗೂಗಲ್ ಮತ್ತೆ ಆ ಪುಟವನ್ನು ಓದಿದ ಮೇಲೆ ಆಗುವ ಕೆಲಸ.